ಹದಿನೈದನೇ ಸಾಲು ದಾಟಿದ ಮೇಲೆ

ಉತ್ತರ ಗ್ಯಾಲರಿಯ ಅಭಿಮಾನಿ ಬಳಗಕ್ಕೆ ನಾಯಕ ಮೈಕಣ್ಣ. ಧ್ವನಿವರ್ಧಕ ಹಿಡಿದು ನಿಂತನೆಂದರೆ ಮೂರು ಸಾವಿರ ಜನ ಒಂದೇ ತಾಳಕ್ಕೆ ಕುಣಿಯುತ್ತಿದ್ದರು. ಆದರೆ ಅಂಥವನೂ ಒಬ್ಬಳ ಮುಂದೆ ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು. ಅವಳು ಟೈಲರಕ್ಕ. ಗಾಳಿ ಜೋರಿದೆ, ಇವತ್ತು ಬ್ಯಾನರ್ ಏರೋದಿಲ್ಲ ಎಂದು ಅವಳು ಹೇಳಿದಳೆಂದರೆ ಮುಗಿಯಿತು, ಏರುತ್ತಿರಲಿಲ್ಲ. ಹದಿನಾಲ್ಕು ವರ್ಷದಿಂದ ಬಳಗದ ದೊಡ್ಡ ಬ್ಯಾನರುಗಳನ್ನೆಲ್ಲ ಹೊಲಿದವಳು, ಅವು ಜನರ ತಲೆಯ ಮೇಲೆ ಏರುವಾಗ ಕೆಂಪು-ಹಸಿರು ಬಾವುಟ ಹಿಡಿದು ಕೆಳಗೆ ನಿಂತವಳು ಅವಳೇ. ಮೈದಾನದ ಸುರಕ್ಷತಾ ಅಧಿಕಾರಿ ಮಹಾ ಅನುಮಾನದ ಪ್ರಾಣಿ, ಯಾರನ್ನೂ ನಂಬುತ್ತಿರಲಿಲ್ಲ. ಅವನೂ ಬ್ಯಾನರ್ ಅನುಮತಿಯ ಅರ್ಜಿಯ ಕೊನೆಯಲ್ಲಿ ಅವಳ ಸಹಿ ಕಂಡರೆ ಮಾತ್ರ ಮೊಹರು ಒತ್ತುತ್ತಿದ್ದ.

ಅವಳು ಇಷ್ಟು ಕಟ್ಟುನಿಟ್ಟಾಗಲು ಕಾರಣವಿತ್ತು. ಹಿಂದೊಮ್ಮೆ ಪಕ್ಕದ ಗ್ಯಾಲರಿಯವರು ಅರ್ಧ ಏರಿದ ಬ್ಯಾನರನ್ನು ಯಾವುದೋ ಸಿಟ್ಟಿಗೆ ವಾಪಸ್ ಎಳೆದಿದ್ದರು. ಬಟ್ಟೆಯ ಅಡಿಯಲ್ಲಿ ಇದ್ದವರಿಗೆ ಬಾವುಟ ಕಾಣುವುದಿಲ್ಲ, ಕೂಗು ಕೇಳುವುದಿಲ್ಲ. ಅರ್ಧ ಜನ ಮೇಲಕ್ಕೆ, ಅರ್ಧ ಜನ ಕೆಳಕ್ಕೆ ಎಳೆದರು. ನಡುವೆ ಸಿಕ್ಕ ಮುದುಕರೊಬ್ಬರು ಮೆಟ್ಟಿಲ ಮೇಲೆ ಬಿದ್ದು ಸೊಂಟ ಮುರಿದುಕೊಂಡರು, ಮತ್ತೆ ಎದ್ದು ನಡೆಯಲಿಲ್ಲ. ಅವತ್ತಿನಿಂದ ಟೈಲರಕ್ಕ ಒಂದು ನಿಯಮ ಮಾಡಿದಳು. ಗ್ಯಾಲರಿಗೆ ಮೂವತ್ತು ಸಾಲು, ಬಟ್ಟೆ ಕೆಳಗಿನ ಸಾಲಿನಿಂದ ಕೈಯಿಂದ ಕೈಗೆ ಮೇಲೇರುತ್ತದೆ. ಬಟ್ಟೆಯ ಅಂಚು ಹದಿನೈದನೇ ಸಾಲು ದಾಟುವವರೆಗೆ ಕೆಂಪು ಬಾವುಟ ಎತ್ತಿ ಇಳಿಸಬಹುದು. ದಾಟಿತೋ, ಏನೇ ಆಗಲಿ, ತುದಿಯವರೆಗೆ ಏರಿಸಿಯೇ ಇಳಿಸಬೇಕು. ಹೊಸದಾಗಿ ಬಳಗ ಸೇರಿದವರಿಗೆ ಹಾಡು ಕಲಿಸುವ ಮೊದಲು ಇದನ್ನು ಕಲಿಸುತ್ತಿದ್ದರು.

ಅವಳಿಗೆ ಒಬ್ಬನೇ ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ. ಹೊಲಿಗೆ ಮೆಷಿನ್ ತುಳಿದು ಅವಳೇ ಸಾಕಿದಳು. ಮದುವೆ ಗಿದುವೆ ಎಂದು ಯಾರಾದರೂ ಬಾಯಿ ತೆಗೆದರೆ, "ಇವನೊಬ್ಬ ದಡ ಸೇರಲಿ" ಎನ್ನುತ್ತಿದ್ದಳು. ಸೇರಿದ. ಇದೇ ತಂಡಕ್ಕೆ ಹದಿಮೂರು ವರ್ಷ ಗೋಲ್‌ಕೀಪರ್ ಆದ. ಉತ್ತರ ಗ್ಯಾಲರಿ ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಅವಳು ಮೊದಲು ಹೊಲಿದ ದೊಡ್ಡ ಬ್ಯಾನರೂ ಅವನದೇ, ಚಾಚಿದ ಎರಡು ಕೈಗಳು. ಹೊತ್ತವರು ಎತ್ತಿ ಹಾಕಲು ಎಷ್ಟು ಹೊತ್ತು ಬೇಕು? ಕಳೆದ ವರ್ಷದ ಕೊನೆಯ ಪಂದ್ಯದಲ್ಲಿ, ಪ್ರಶಸ್ತಿಗೆ ಒಂದು ಡ್ರಾ ಆದರೂ ಸಾಕಿದ್ದಾಗ, ಅವನು ಮೂರು ಗೋಲು ಬಿಟ್ಟ. ಒಂದಂತೂ ಕೈಗೆ ಬಂದು ಜಾರಿದ ಚೆಂಡು. ತಂಡದವರು ಒಪ್ಪಂದ ಮುಂದುವರಿಸಲಿಲ್ಲ. ಕರೆದವರು ಒಬ್ಬರೇ, ಅವತ್ತು ಗೆದ್ದ ಎದುರಾಳಿಗಳು. ಹೋದ. ಅಲ್ಲಿಗೆ ಗ್ಯಾಲರಿಯವರ ಬಾಯಿಗೆ ಆಹಾರ ಸಿಕ್ಕಿತು. ಮಾರಿಕೊಂಡ, ಬೇಕೆಂದೇ ಬಿಟ್ಟ, ಮೊದಲೇ ಮಾತಾಗಿತ್ತು ಎಂದು ಒಬ್ಬರಿಗಿಂತ ಒಬ್ಬರು ಉಪ್ಪು ಖಾರ ಹಚ್ಚಿದರು.

ನಿಜ ಏನೆಂಬುದು ವೈದ್ಯರನ್ನು ಬಿಟ್ಟರೆ ಅಕ್ಕ ತಮ್ಮ ಇಬ್ಬರಿಗಷ್ಟೇ ಗೊತ್ತಿತ್ತು. ಆ ಪಂದ್ಯಕ್ಕೆ ಮೂರು ವಾರ ಮೊದಲೇ ಅವನ ಕೈ ನಡುಗಲು ಶುರುವಾಗಿತ್ತು. ಮೈದಾನದಲ್ಲಿ ಓಡಾಡಿ ಮೈ ಬಿಸಿಯಾದರೆ ಪರವಾಗಿಲ್ಲ, ಬೆಳಿಗ್ಗೆ ಹೊತ್ತು ಮಾತ್ರ ಬೆರಳು ಮಾತು ಕೇಳುತ್ತಿರಲಿಲ್ಲ. ಟೈಲರಕ್ಕನೇ ಅವನ ಅಂಗಿಯ ಗುಂಡಿ ಹಾಕಿ ಕಳಿಸುತ್ತಿದ್ದಳು. ವೈದ್ಯರು ಮಾತ್ರೆ ಕೊಟ್ಟು, ಹೆದರಿಕೆಯಿಂದ ಬಂದದ್ದು, ಹೆದರಿಕೆ ಹೋದರೆ ಹೋಗುತ್ತದೆ ಎಂದಿದ್ದರು. "ಅಕ್ಕಾ, ಇದು ಹೊರಗೆ ಬಿದ್ದರೆ ನನ್ನ ಕತೆ ಮುಗೀತು. ನಡುಗೋ ಕೈಗೆ ಗ್ಲೌಸ್ ಯಾರು ಕೊಡ್ತಾರೆ ಹೇಳು" ಎಂದಿದ್ದ. ಅವಳು ಅವನ ತಲೆ ಮುಟ್ಟಿ ಆಣೆ ಇಟ್ಟಿದ್ದಳು.

ಆಣೆ ಇಟ್ಟವಳು ಆರು ತಿಂಗಳು ತಡೆದಳು. ಬಳಗದವರು ಬ್ಯಾನರ್ ಮಾಡುವ ಗೋದಾಮಿನಲ್ಲಿ ಎಲ್ಲರೆದುರು ಮೈಕಣ್ಣ ಒಂದು ದಿನ, "ನಿಮ್ಮ ತಮ್ಮ ಎಷ್ಟಕ್ಕೆ ಮಾರಿಕೊಂಡ ಅಂತ ನಿಮಗಾದ್ರೂ ಹೇಳಿದ್ನಾ ಅಕ್ಕಾ?" ಎಂದು ನಕ್ಕ. ಅವನನ್ನು ಹೊರಗೆ ಕರೆದುಕೊಂಡು ಹೋಗಿ, ಗೋಡೆಯ ಮರೆಗೆ ನಿಲ್ಲಿಸಿ, ಇದ್ದದ್ದನ್ನೆಲ್ಲ ಹೇಳಿಬಿಟ್ಟಳು. ಕೈ ನಡುಕ, ಮಾತ್ರೆ, ಅಂಗಿಯ ಗುಂಡಿ, ಒಂದನ್ನೂ ಬಿಡಲಿಲ್ಲ. ಮೈಕಣ್ಣ ತಲೆ ತಗ್ಗಿಸಿದ. "ತಪ್ಪಾಯ್ತು ಅಕ್ಕಾ. ಪಾಪ, ನಮಗೆ ಗೊತ್ತಿರಲಿಲ್ಲ. ಈ ಮಾತು ನನ್ನ ಹೊಟ್ಟೆಯಲ್ಲೇ ಇರತ್ತೆ." ಟೈಲರಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತಮ್ಮನ ಮಾನ ಉಳಿಸಿದೆ ಎಂದುಕೊಂಡಳು. ಮರುದಿನದಿಂದ ಮಾರಿಕೊಂಡ ಎನ್ನುವ ಮಾತೂ ನಿಂತಿತು. ಯಾಕೆ ನಿಂತಿತೆಂದು ಅವಳು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಎರಡು ತಿಂಗಳಿಗೆ ಎದುರಾಳಿ ತಂಡ ಈ ಮೈದಾನಕ್ಕೆ ಬರುವುದಿತ್ತು, ತಮ್ಮನೂ ಬರುವವನಿದ್ದ. ಬಳಗದವರು ಹಿಂದೆಂದೂ ಮಾಡದಷ್ಟು ದೊಡ್ಡ ಬ್ಯಾನರ್ ಹಾಕುವುದೆಂದು ತೀರ್ಮಾನಿಸಿದರು. ಮೂವತ್ತು ಮೀಟರ್ ಅಗಲ, ಇಪ್ಪತ್ತನಾಲ್ಕು ಮೀಟರ್ ಎತ್ತರ. ಚಿತ್ರ ಏನೆಂಬುದು ಎಂದಿನಂತೆ ಇಬ್ಬರಿಗೆ ಮಾತ್ರ ಗೊತ್ತಿರಬೇಕು, ಒಬ್ಬ ಮೈಕಣ್ಣ, ಇನ್ನೊಬ್ಬರು ಚಿತ್ರ ಬರೆಯುವ ಡ್ರಾಯಿಂಗ್ ಮೇಷ್ಟ್ರು. ಇದು ಬಳಗದ ಹಳೆಯ ಪದ್ಧತಿ, ಸಹಿ ಹಾಕುವ ಟೈಲರಕ್ಕನಿಗೆ ಮಾತ್ರ ಕೊನೆಗೆ ತೋರಿಸುತ್ತಿದ್ದರು. ಮೇಷ್ಟ್ರು ಚಿಕ್ಕ ಹಾಳೆಯ ಮೇಲೆ ಚಿತ್ರ ಬರೆದು ಚೌಕ ಎಳೆಯುತ್ತಾರೆ, ಒಂದೊಂದು ಚೌಕ ಬಟ್ಟೆಯ ಮೇಲೆ ಒಂದೊಂದು ಮೀಟರ್ ಆಗುತ್ತದೆ, ಬಣ್ಣ ಹಚ್ಚುವವರಿಗೆ ಅವರವರ ಚೌಕದ ತುಂಡು ಮಾತ್ರ ಸಿಗುತ್ತದೆ. ಇಡೀ ಚಿತ್ರವನ್ನು ಮೈದಾನದಲ್ಲೇ ನೋಡಬೇಕು.

"ನನಗಾದ್ರೂ ಹೇಳಿ ಮೇಷ್ಟ್ರೇ, ಅರ್ಜಿಗೆ ಸಹಿ ಹಾಕೋಳು ನಾನು" ಎಂದಳು ಟೈಲರಕ್ಕ.

ಮೇಷ್ಟ್ರು ಬ್ರಷ್ ತೊಳೆಯುತ್ತಾ ತಲೆ ಎತ್ತದೆ, "ಅರ್ಜಿ ಜೊತೆ ಚಿತ್ರ ಇಟ್ಟಿದೀವಲ್ಲ, ತಂಡದ ಲಾಂಛನ, ಕೋಟೆ, ಬಾಗಿಲು" ಎಂದರು.

ಮೈಕಣ್ಣ ಮಧ್ಯೆ ಬಾಯಿ ಹಾಕಿದ. "ಅದರಲ್ಲಿ ಸ್ವಲ್ಪ ಬದಲಾವಣೆ ಇದೆ ಅಕ್ಕಾ. ನಿಮಗೆ ಅಂತಾನೇ ಒಂದು ಸರ್ಪ್ರೈಸ್. ಈಗಲೇ ಕೇಳಿ ಮಜಾ ಕೆಡಿಸ್ಬೇಡಿ."

ಬೇರೆ ಯಾವತ್ತಾದರೂ ಆಗಿದ್ದರೆ ಕೊಸರಾಡುತ್ತಿದ್ದಳು. ತನಗೇ ಸರ್ಪ್ರೈಸ್ ಎಂದ ಮೇಲೆ ಮನಸ್ಸು ಎಲ್ಲೆಲ್ಲಿಗೋ ಓಡಿತು. ಬದಲಾದ ಚಿತ್ರ ತೋರಿಸದೆ ಸಹಿ ಇಲ್ಲ ಎಂದು ಹದಿನಾಲ್ಕು ವರ್ಷ ಹಟ ಹಿಡಿದವಳು ಆ ಒಂದು ಸಲ ಕಣ್ಣು ಮುಚ್ಚಿ ಸಹಿ ಹಾಕಿದಳು.

ಮಿಕ್ಕ ಯಾವುದರಲ್ಲೂ ಕಣ್ಣು ಮುಚ್ಚಲಿಲ್ಲ. ಬೆಂಕಿ ಹತ್ತಿದರೂ ಹರಡದ ಬಟ್ಟೆ ಎಂದು ಪ್ರಮಾಣಪತ್ರ ಬಂದಿದ್ದರೂ ಅಂಗೈಯಗಲದ ತುಂಡು ಕತ್ತರಿಸಿ ಹೊರಗೆ ಬಯಲಿಗೆ ಒಯ್ದು, ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು, ಕಡ್ಡಿ ಗೀರಿ ನೋಡಿದಳು. ಬಣ್ಣ ಹಚ್ಚಿದ ಮೇಲೆ ಆ ಗುಣ ಕೆಡುವುದುಂಟು. ಅದಕ್ಕೆ ಬಣ್ಣದ ತುಂಡಿಗೂ ಬೇರೆಯಾಗಿ ಗೀರಿದಳು. ಬಣ್ಣ ನೀರಿನದೇ ಆಗಬೇಕು, ತೆಳ್ಳಗಿರಬೇಕು, ದಪ್ಪಗೆ ಬಳಿದರೆ ಮಡಿಕೆಯಲ್ಲಿ ಬಿರಿಯುತ್ತದೆ, ಭಾರವೂ ಏರುತ್ತದೆ ಎಂದು ಹುಡುಗರ ಬೆನ್ನು ಹತ್ತಿದಳು. ಇಡೀ ಬ್ಯಾನರ್ ನೂರು ಕಿಲೋದ ಒಳಗೆ ನಿಂತಿತು.

ಮೂರು ಮೀಟರ್ ಅಗಲದ ಹತ್ತು ಉದ್ದನೆಯ ಪಟ್ಟಿಗಳು ಬಣ್ಣ ಒಣಗಿ, ಸುರುಳಿಯಾಗಿ ಅವಳ ಮೆಷಿನ್ನಿಗೆ ಬಂದವು. ಎರಡು ಪಟ್ಟಿಗಳ ಬಣ್ಣದ ಮುಖ ಒಂದಕ್ಕೊಂದು ತಾಗುವಂತೆ ಇಟ್ಟು, ಬೆನ್ನ ಕಡೆಯಿಂದ ಎರಡು ಸಾಲು ಹೊಲಿಗೆ ಹಾಕುವುದು ಅವಳ ರೀತಿ. ಬಿಳಿ ಬೆನ್ನು ಬಿಟ್ಟು ಅವಳ ಕಣ್ಣಿಗೆ ಅಂಚಿನ ನಾಲ್ಕು ಬೆರಳು ಬಣ್ಣ ಕಂಡರೆ ಹೆಚ್ಚು. ಮೇಲಂಚಿಗೆ ಹಿಡಿದು ಎಳೆಯಲು ದಪ್ಪ ಮಡಿಕೆ ಕೊಟ್ಟಳು. ಅಲ್ಲಿ ಕುಣಿಕೆ ಹಾಕಿ ಅಕ್ಕಾ, ಹಿಡಿಯೋಕೆ ಸುಲಭ ಎಂದವನಿಗೆ, "ಕುಣಿಕೆಗೆ ಕೈ ಸಿಕ್ಕರೆ ಮಣಿಕಟ್ಟು ಹೋಯ್ತು, ಕುತ್ತಿಗೆ ಸಿಕ್ಕರೆ ಹೆಣ. ನಿಂದು ಯಾವುದು ಕೊಡ್ತೀಯ?" ಎಂದು ಗದರಿದಳು. ಹನ್ನೆರಡು ದಿನ ಕೂತು ಹೊಲಿದಳು. ಅವಳು ಒಳಗೆ ಬರುತ್ತಲೇ ಗೋದಾಮಿನಲ್ಲಿ ಮಾತು ನಿಲ್ಲುತ್ತಿತ್ತು, ಒಬ್ಬಿಬ್ಬರು ತುಟಿ ಕಚ್ಚಿ ನಗು ತಡೆಯುತ್ತಿದ್ದರು. ಚೌಕದ ಗುಟ್ಟು ಯಾವತ್ತೋ ಸೋರಿತ್ತು, ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ವಿಷಯ ಗೊತ್ತಿತ್ತು. ಅವಳೋ, ತನಗಾಗಿ ಏನೋ ಮಾಡುತ್ತಿದ್ದಾರೆ, ಕಳ್ಳರು ಎಂದು ಒಳಗೊಳಗೇ ಹಿಗ್ಗುತ್ತಿದ್ದಳು.

ಅದೇ ಅಳತೆಯ ಹಳೆಯ ಖಾಲಿ ಬಟ್ಟೆ ತಂದು ಎರಡು ಸಲ ತಾಲೀಮು ಮಾಡಿಸಿದಳು. ಪಂದ್ಯದ ದಿನ ಬೆಳಿಗ್ಗೆಯೇ ಹೋಗಿ ಬಟ್ಟೆ ಬೀಳುವ ಜಾಗದ ಎರಡೂ ಬದಿಯ ದ್ವಾರಗಳು ಮುಚ್ಚಿಹೋಗದಂತೆ ಅಳೆದಳು. ಎರಡು ಮೆಟ್ಟಿಲ ದಾರಿಗಳಲ್ಲಿ ಹತ್ತು ಸಾಲಿಗೊಬ್ಬರಂತೆ ಜನ ನಿಲ್ಲಿಸಿದಳು. ಉಬ್ಬಸ ಇರುವವರನ್ನು, ಚಿಕ್ಕ ಮಕ್ಕಳ ತಾಯಂದಿರನ್ನು ಪಕ್ಕದ ಸಾಲುಗಳಿಗೆ ಕಳಿಸಿದಳು. ಅಡಿಯಲ್ಲಿ ಬೀಡಿ-ಸಿಗರೇಟು, ಪಟಾಕಿ ಏನಾದರೂ ಕಂಡರೆ ಬ್ಯಾನರ್ ಏರುವುದಿಲ್ಲ ಎಂದು ಸಾರಿದಳು. ಗಾಳಿ ಅಳೆಯುವ ಪುಟ್ಟ ಯಂತ್ರವನ್ನು ಎತ್ತಿ ಹಿಡಿದು ಐದು ನಿಮಿಷ ನೋಡಿದಳು. ಗಾಳಿ ಮಿತಿಯ ಅರ್ಧವೂ ಇರಲಿಲ್ಲ. ಇಳಿಸಲು ಒಂದೇ ಒಂದು ನೆವ ಇಲ್ಲದಷ್ಟು ಎಲ್ಲವೂ ಸರಿಯಾಗಿತ್ತು.

ತಂಡಗಳು ಮೈದಾನಕ್ಕೆ ಇಳಿದವು. ಅವಳ ತಮ್ಮ ಉತ್ತರದ ಗೋಲಿನ ಕಡೆಗೇ ನಡೆದು ಬಂದ. ಟೈಲರಕ್ಕ ಮೊದಲ ಸಾಲಿನ ಮುಂದೆ, ಮೈದಾನಕ್ಕೆ ಬೆನ್ನು ಮಾಡಿ, ಗ್ಯಾಲರಿಗೆ ಮುಖ ಮಾಡಿ ನಿಂತಿದ್ದಳು. ಇಬ್ಬರ ನಡುವೆ ಇಪ್ಪತ್ತು ಹೆಜ್ಜೆ ಇರಬಹುದು. ಅವಳು ಹಸಿರು ಬಾವುಟ ಎತ್ತಿದಳು. ಬಟ್ಟೆ ಜನರ ಕೈಯಿಂದ ಕೈಗೆ ಏರತೊಡಗಿತು.

ಮೊದಲು ನೀಲಿ ಆಕಾಶ ಕಂಡಿತು. ಐದನೇ ಸಾಲಿಗೆ ಅಂಚು ಮುಟ್ಟಿದಾಗ ಗುಂಗುರು ಕೂದಲು. ಎಂಟಕ್ಕೆ ಹಣೆ. ಎಡಹುಬ್ಬಿನ ಮೇಲೆ ಗಾಯದ ಗೆರೆ. ಆ ಗಾಯಕ್ಕೆ ಅರಿಶಿನ ಹಚ್ಚಿದವಳು ಅವಳಲ್ಲದೆ ಇನ್ನಾರು? ಹನ್ನೊಂದನೇ ಸಾಲಿಗೆ ಕಣ್ಣು ಬಂತು, ಮೂಗು ಬಂತು. ಮೇಷ್ಟ್ರು ಏನು ಬರೆದಿದ್ದರು ಅಂತೀರಿ! ಸಾಕ್ಷಾತ್ ತಮ್ಮ. ಗ್ಯಾಲರಿ ತಮ್ಮನನ್ನು ಕ್ಷಮಿಸಿತು, ಮನೆಗೆ ಬಂದವನನ್ನು ಕರೆಯುತ್ತಿದೆ ಎಂದುಕೊಂಡಳು. ಟೈಲರಕ್ಕನ ಕಣ್ಣು ತುಂಬಿ ಬಂತು. ಯಾವತ್ತೂ ಬಾವುಟವನ್ನು ಸುಮ್ಮನೆ ಎತ್ತಿ ಹಿಡಿಯುತ್ತಿದ್ದವಳು ಅವತ್ತು ಹುಚ್ಚಿಯಂತೆ ಬೀಸಿದಳು. "ಮೇಲೆ, ಮೇಲೆ, ಬೇಗ" ಎಂದು ಕೂಗಿದಳು. ಬಟ್ಟೆ ಓಡಿತು. ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು.

ಹದಿನೆಂಟನೇ ಸಾಲಿಗೆ ಅಂಚು ತಲುಪಿದಾಗ ಕೆಳಗೆ ಕೈಗಳು ಬಿಚ್ಚಿಕೊಂಡವು. ಹತ್ತು ಬೆರಳೂ ಸೊಟ್ಟ, ಸುತ್ತ ನಡುಕ ತೋರಿಸುವ ಅಲೆಅಲೆ ಗೆರೆ. ಬೆರಳ ಸಂದಿಯಲ್ಲಿ ಜಾರುತ್ತಿರುವ ಚೆಂಡು. ತುಟಿಯಿಂದ ಇಳಿದ ಜೊಲ್ಲು. ಎದೆ ತೆರೆದ ಅಂಗಿ. ಪಕ್ಕದಿಂದ ಚಾಚಿದ ಒಂದು ಹೆಂಗಸಿನ ಕೈ ಆ ಅಂಗಿಯ ಗುಂಡಿ ಹಾಕುತ್ತಿತ್ತು, ಮಣಿಕಟ್ಟಿಗೆ ಟೈಲರುಗಳು ಕಟ್ಟಿಕೊಳ್ಳುವ ಸೂಜಿ ಚುಚ್ಚಿಡುವ ಪುಟ್ಟ ದಿಂಬು.

ಅವಳ ಕೈಯಲ್ಲಿ ಬಾವುಟ ನಿಂತಿತು. ಸೊಂಟದಲ್ಲಿ ಸಿಕ್ಕಿಸಿದ್ದ ಕೆಂಪು ಬಾವುಟದ ಮೇಲೆ ಇನ್ನೊಂದು ಕೈ ಹೋಯಿತು.

ಅಷ್ಟರಲ್ಲೇ ಬಲಗಡೆಯ ಮೆಟ್ಟಿಲ ಕಂಬಿಗೆ ಬಟ್ಟೆ ಸಿಕ್ಕಿಕೊಂಡಿತು. ಅವಳು ಓಡಿಸಿದ ವೇಗಕ್ಕೇ ಸಿಕ್ಕಿದ್ದು. ಎಡಗಡೆಯವರು ಎಳೆಯುತ್ತಿದ್ದರು, ಬಲಗಡೆ ನಿಂತುಹೋಗಿತ್ತು, ಬಟ್ಟೆ ಓರೆಯಾಗಿ ಬಿಗಿಯಿತು. ಅಡಿಯಲ್ಲಿ ಯಾರೋ ಹೆಂಗಸು ಚೀರಿದ ಸದ್ದು ಕೇಳಿತು. ಕಂಬಿಯ ಬಳಿ ನಿಂತವನು ಅವಳ ಕಡೆ ತಿರುಗಿ ಎರಡು ಕೈ ಅಗಲಿಸಿ, ಏನು ಮಾಡಲಿ ಎಂದು ಕೇಳುತ್ತಿದ್ದ. ಅಡಿಯಲ್ಲಿ ಆಗಲೇ ಸಾವಿರಕ್ಕೂ ಹೆಚ್ಚು ಜನ. ಕೆಂಪು ಎತ್ತಿದರೆ ಅರ್ಧ ಜನ ಕೆಳಕ್ಕೆ, ಅರ್ಧ ಜನ ಮೇಲಕ್ಕೆ. ಬೆನ್ನ ಹಿಂದೆ ಇಪ್ಪತ್ತು ಹೆಜ್ಜೆಯಲ್ಲಿ ತಮ್ಮ.

ಟೈಲರಕ್ಕ ಮೈಕಣ್ಣನ ಕೈಯಿಂದ ಧ್ವನಿವರ್ಧಕ ಕಿತ್ತುಕೊಂಡಳು. "ಬಲಗಡೆ, ಕಂಬಿ ಬಿಡಿಸಿ! ಎಡಗಡೆ ನಿಲ್ಲಿ. ಬಿಡಿಸಿದ್ರಾ? ಈಗ ಎಲ್ರೂ ಮೇಲಕ್ಕೆ! ಎಳೀರಿ, ನಿಲ್ಲಿಸಬೇಡಿ, ತುದಿವರೆಗೂ ಎಳೀರಿ!"

ಇಡೀ ಮೈದಾನಕ್ಕೆ ಅವಳ ಧ್ವನಿ ಕೇಳಿತು. ಬಟ್ಟೆ ಸಲೀಸಾಗಿ ಏರಿತು. ಕೊನೆಯ ಮಡಿಕೆ ಬಿಚ್ಚಿದಾಗ ಎರಡಾಳೆತ್ತರದ ಅಕ್ಷರಗಳು ಅವಳ ಮುಖಕ್ಕೇ ಬಂದು ನಿಂತವು. ಅಕ್ಕಾ, ಗುಂಡಿ ಹಾಕು.

ಮೊದಲು ಎದುರಿನ ಗ್ಯಾಲರಿ ನಕ್ಕಿತು. ಆಮೇಲೆ ಎಲ್ಲ ಕಡೆ. ಅಡಿಯಲ್ಲಿದ್ದವರು ತಮಗೆ ಕಾಣದ ಚಿತ್ರಕ್ಕೆ, ಮೊದಲೇ ಕಲಿತಿದ್ದ ತಾಳದಲ್ಲಿ, "ಅಕ್ಕಾ! ಅಕ್ಕಾ!" ಎಂದು ಕೂಗಿದರು. ಟೈಲರಕ್ಕ ಕೈಗಡಿಯಾರ ನೋಡಿಕೊಂಡಳು. ಬ್ಯಾನರ್ ಮೇಲಿರಲು ಮೂರು ನಿಮಿಷ ಅವಳೇ ಇಟ್ಟ ಮಿತಿ. ಹಿಂದೆ ತಿರುಗಬಾರದು ಎಂದುಕೊಂಡಳು, ಆದರೂ ತಿರುಗಿದಳು. ಗೋಲುಕಂಬಕ್ಕೆ ತಮ್ಮ ಒರಗಿ ನಿಂತಿದ್ದ. ಅವನು ಬ್ಯಾನರ್ ನೋಡುತ್ತಿರಲಿಲ್ಲ. ಅವಳನ್ನು, ಅವಳ ಕೈಯಲ್ಲಿದ್ದ ಧ್ವನಿವರ್ಧಕವನ್ನು ನೋಡುತ್ತಿದ್ದ. ಗ್ಲೌಸ್ ತೊಟ್ಟ ಎರಡು ಕೈಯನ್ನೂ ಕಂಕುಳಲ್ಲಿ ಬಚ್ಚಿಟ್ಟುಕೊಂಡಿದ್ದ. ಮೂರು ನಿಮಿಷಕ್ಕೆ ಸರಿಯಾಗಿ ಅವಳು ಬ್ಯಾನರ್ ಇಳಿಸಿದಳು.

ಆರನೇ ನಿಮಿಷದಲ್ಲಿ ಮಕ್ಕಳೂ ಹಿಡಿಯುವಂಥ ಚೆಂಡು ಅವನ ಕೈ ಜಾರಿ ಒಳಗೆ ಹೋಯಿತು. ಇಪ್ಪತ್ತನೇ ನಿಮಿಷಕ್ಕೆ ಮತ್ತೊಂದು. ಅವನ ತಂಡದವರು ಅರ್ಧ ಸಮಯದವರೆಗೂ ಕಾಯಲಿಲ್ಲ, ಹೊರಗೆ ಕರೆಸಿಕೊಂಡರು. ವೈದ್ಯರೊಬ್ಬರು ಅಂಚಿನಲ್ಲೇ ಅವನ ಗ್ಲೌಸ್ ಬಿಚ್ಚಿಸಿ ಬೆರಳು ಹಿಡಿದು ನೋಡಿದರು. ಎಲ್ಲರ ಕ್ಯಾಮೆರಾ ಅಲ್ಲೇ ಇತ್ತು.

ಬ್ಯಾನರ್ ಸುತ್ತಿಡುತ್ತಿದ್ದ ಕಡೆ ಮೈಕಣ್ಣ ಕುಣಿಯುತ್ತಿದ್ದ. ಟೈಲರಕ್ಕ ಅವನ ಅಂಗಿ ಹಿಡಿದಳು. "ಹೊಟ್ಟೆಯಲ್ಲೇ ಇರತ್ತೆ ಅಂದಿದ್ದೆಯಲ್ಲೋ."

"ಬಿಡಿ ಅಕ್ಕಾ, ಅಂಗಿ ಹರಿಯತ್ತೆ" ಎಂದ ಅವನು, ಸಿಟ್ಟೂ ಇಲ್ಲದೆ. "ನಾವೇನು ಸುಳ್ಳು ಬರೆದ್ವಾ? ನೀವೇ ಹೇಳಿದ್ದಲ್ವಾ? ಮೇಲೆಳೀರಿ ಅಂತ ಕೂಗಿದ್ದೂ ನೀವೇ. ನಾನಾಗಿದ್ರೆ ಆ ಕಂಬಿ ಹತ್ರ ಕೆಟ್ಟೇ ಹೋಗ್ತಿತ್ತು. ನಿಜ ಹೇಳ್ತೀನಿ, ನಿಮ್ಮಂಥೋರು ಇನ್ನೊಬ್ಬರಿಲ್ಲ."

ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಗೇಲಿಗಲ್ಲ, ಮನಸಾರೆ ತಟ್ಟಿದರು. ಅದೇ ಅವಳಿಗೆ ತಡೆಯಲಾಗಲಿಲ್ಲ. ಮೇಷ್ಟ್ರು ಮಾತ್ರ ಬಟ್ಟೆಯ ಅಂಚನ್ನು ಒಪ್ಪವಾಗಿ ಮಡಚುತ್ತಾ, ಅವಳ ಕಡೆ ನೋಡಲಿಲ್ಲ.

ಸುರಕ್ಷತಾ ಅಧಿಕಾರಿ ತನ್ನ ಕೋಣೆಯಲ್ಲಿ ಅರ್ಜಿಯನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟ. "ಚಿತ್ರ ಬೇರೆ. ಸಹಿ ನಿಮ್ಮದು. ಇನ್ನು ಮುಂದೆ ನಿಮ್ಮ ಸಹಿ ಇಲ್ಲಿ ನಡೆಯಲ್ಲ, ನೀವೂ ಗೇಟಿನ ಒಳಗೆ ಬರೋ ಹಾಗಿಲ್ಲ" ಎಂದ.

ಸಂಜೆ, ಹೊಸ ತಂಡ ಸೇರಿದ ಮೇಲೆ ತಮ್ಮನು ಬಾಡಿಗೆಗಿದ್ದ ಮನೆಗೆ ಟೈಲರಕ್ಕ ಹೋದಳು. ಮೂರನೇ ಮಹಡಿ. ಮೆಟ್ಟಿಲು ಹತ್ತುತ್ತಾ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ನಾನು ನೋಡಿರಲಿಲ್ಲ ಕಣೋ. ನಿನ್ನ ಮಾನ ಉಳಿಸೋಕೆ ಹೇಳಿದೆ ಕಣೋ. ನಂಗೆ ಮೋಸ ಮಾಡಿದ್ರು. ಪ್ರತಿಯೊಂದು ಮಾತೂ ನಿಜ, ಒಂದೂ ಉಪಯೋಗಕ್ಕೆ ಬರುವಂಥದ್ದಲ್ಲ.

ಬಹಳ ಹೊತ್ತು ಬಡಿದ ಮೇಲೆ ಬಾಗಿಲು ತೆರೆಯಿತು, ಚಿಲಕದ ಸರಪಳಿಯಷ್ಟು. ಅವನ ಹಿಂದೆ ಗೋಡೆಗೆ ಒಂದು ಪೆಟ್ಟಿಗೆ ಒರಗಿತ್ತು. ತಂಡದವರು ಆಗಲೇ ಅವನ ಸಾಮಾನು ಕಳಿಸಿಬಿಟ್ಟಿದ್ದರು.

"ಒಳಗೆ ಬರ್ಲಾ?" ಎಂದಳು.

ಅವನು ಸರಪಳಿ ತೆಗೆಯಲಿಲ್ಲ. "ಹದಿನೆಂಟನೇ ಸಾಲಲ್ಲಿ ಬಟ್ಟೆ ಸಿಕ್ಕಿಕೊಂಡಿತಲ್ಲ" ಎಂದ. ಆ ಸಾಲುಗಳನ್ನು ಚಿಕ್ಕಂದಿನಲ್ಲಿ ಅವನಿಗೆ ಎಣಿಸಲು ಕಲಿಸಿದವಳು ಅವಳೇ. "ಅಡಿಯಲ್ಲಿ ಒಬ್ಬರು ಕಿರುಚಿದ್ರು. ಅವರಿಗೇನಾದ್ರೂ ಆಯ್ತಾ?"

"ಇಲ್ಲ ಕಣೋ, ಯಾರಿಗೂ ಏನೂ ಆಗಿಲ್ಲ" ಎಂದಳು ಟೈಲರಕ್ಕ ತಟ್ಟನೆ. "ಒಂದು ತರಚು ಗಾಯ ಕೂಡ ಆಗಿಲ್ಲ."

ಹೇಳಿ ಮುಗಿದ ಮೇಲೆ ತನ್ನ ದನಿಯಲ್ಲಿದ್ದ ಹೆಮ್ಮೆ ಅವಳ ಕಿವಿಗೇ ಬಿತ್ತು. ಅವನಿಗೂ ಕೇಳಿಸಿತ್ತು. ತಲೆಯಾಡಿಸಿದ. "ಒಳ್ಳೇದಾಯ್ತು" ಎಂದು ಬಾಗಿಲು ಹಾಕಿಕೊಂಡ. ಒಳಗಿನಿಂದ ಅಗುಳಿ ಹಾಕಲು ಅವನು ಮೂರು ನಾಲ್ಕು ಸಲ ತಡವರಿಸಿದ್ದು ಅವಳಿಗೆ ಕೇಳಿಸುತ್ತಿತ್ತು.